ಓಟ ಶುರು ಮಾಡುವವರಿಗೆ ಬ್ಯಾಂಡ್ ಬೇಕೆ?

ಓಟಕ್ಕೆ ಇಳಿಯಬೇಕೆಂದು ಮನಸ್ಸು ಮಾಡಿದವರಿಗೆ ಇಂದು ಅಂಗಡಿಯಲ್ಲೂ ಫೋನಿನಲ್ಲೂ ಮೊದಲು ಕಣ್ಣಿಗೆ ಬೀಳುವುದು ಮಣಿಕಟ್ಟಿಗೆ ಕಟ್ಟುವ ಬ್ಯಾಂಡು. ಸಾವಿರದಿಂದ ಮೂರೂವರೆ ಸಾವಿರ ರೂಪಾಯಿಯೊಳಗೆ ಸಿಗುವ ಈ ಪಟ್ಟಿ ಹೆಜ್ಜೆ, ದೂರ, ವೇಗ, ಹೃದಯ ಬಡಿತ, ಕ್ಯಾಲರಿ, ನಿದ್ದೆ ಎಲ್ಲವನ್ನೂ ಲೆಕ್ಕ ಹಾಕಿ ಹೇಳುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಒಂದು ಜೊತೆ ಸಾಧಾರಣ ಓಟದ ಶೂ ಬರುತ್ತದೆ. ಎರಡನ್ನೂ ಒಟ್ಟಿಗೆ ಕೊಳ್ಳಲಾಗದವರು ಯಾವುದನ್ನು ಮೊದಲು ಕೊಳ್ಳಬೇಕು? ಬ್ಯಾಂಡು ಕೊಳ್ಳದಿದ್ದರೆ ಏನು ಕಳೆದುಕೊಳ್ಳುತ್ತಾರೆ? ಕೊಂಡರೆ ಅದು ತೋರಿಸುವ ಅಂಕಿಗಳಲ್ಲಿ ಯಾವುದನ್ನು ನಂಬಬೇಕು? ಈ ಪ್ರಶ್ನೆಗಳ ಸುತ್ತ ಸಂಶೋಧಕರಲ್ಲಿ, ತರಬೇತುದಾರರಲ್ಲಿ, ಓಟಗಾರರಲ್ಲಿ ಬೇರೆಬೇರೆ ನಿಲುವುಗಳಿವೆ. ಅವುಗಳನ್ನು ಒಂದೊಂದಾಗಿ ನೋಡಿದಾಗ ನನಗೆ ಸಿಗುವ ಉತ್ತರ ಇದು: ಓಟದ ಮೊದಲ ಎರಡು ಮೂರು ತಿಂಗಳಿಗೆ ಬೇಕಾದ ಅಳತೆಗಳು ಬಹಳ ಕಡಿಮೆ, ಅವನ್ನು ಕೈಯಲ್ಲಿರುವ ಫೋನೇ ಕೊಡುತ್ತದೆ. ಅಗ್ಗದ ಬ್ಯಾಂಡು ಹೆಚ್ಚು ತಪ್ಪು ಹೇಳುವುದು ಹೊಸಬರು ಅದನ್ನು ಹೆಚ್ಚು ನಂಬುವ ಜಾಗದಲ್ಲೇ.

## ಎಣಿಕೆ ಬಂದ ದಾರಿ

ಹೆಜ್ಜೆ ಎಣಿಸುವ ಅಭ್ಯಾಸ ಜನಸಾಮಾನ್ಯರಿಗೆ ಬಂದದ್ದು ಜಪಾನಿನಿಂದ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಅಲ್ಲಿನ ಒಂದು ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಸಾಧನವನ್ನು ಮಾರುಕಟ್ಟೆಗೆ ತಂದಿತು. ಹತ್ತು ಸಾವಿರ ಹೆಜ್ಜೆ ಎಂಬುದು ಆ ಸಾಧನದ ಹೆಸರಿನಲ್ಲೇ ಇತ್ತು. ಇಂದು ಹಲವು ಬ್ಯಾಂಡುಗಳಲ್ಲಿ ಮೊದಲೇ ತುಂಬಿಸಿಟ್ಟಿರುವ ಹತ್ತು ಸಾವಿರದ ಗುರಿ ಹುಟ್ಟಿದ್ದು ಆ ವ್ಯಾಪಾರದಿಂದ. ವೈದ್ಯಕೀಯ ಪ್ರಯೋಗದಿಂದ ಬಂದ ಸಂಖ್ಯೆ ಅದಲ್ಲ. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು ದಿನಕ್ಕೆ ಸುಮಾರು 7,500 ಹೆಜ್ಜೆಯ ಆಚೆಗೆ ಆಯುಷ್ಯದ ಲಾಭ ಹೆಚ್ಚೇನೂ ಏರುವುದಿಲ್ಲವೆಂದು ಕಂಡಿತು.

ಹೃದಯ ಬಡಿತದ ಅಳತೆ ಬೇರೆ ದಾರಿಯಲ್ಲಿ ಬಂತು. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಗೆ ಕಟ್ಟುವ ಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತ ಕಳಿಸುವ ಸಾಧನವನ್ನು ಮಾರಿತು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತಿತ್ತು, ಆದ್ದರಿಂದ ನಿಖರವಾಗಿತ್ತು. ಬೆಲೆಯಿಂದಾಗಿ ಅದು ಸ್ಪರ್ಧಿಗಳ ಕೈಯಲ್ಲೇ ಉಳಿಯಿತು. ದೂರದ ಅಳತೆ ಅಗ್ಗವಾಗಲು ಅಮೆರಿಕ ಸರ್ಕಾರದ ಒಂದು ತೀರ್ಮಾನ ಕಾರಣ: ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು 2000ದ ಮೇ ತಿಂಗಳಲ್ಲಿ ಅದು ನಿಲ್ಲಿಸಿತು. 2003ರಲ್ಲಿ ಗಾರ್ಮಿನ್ ಓಟಗಾರರಿಗೆಂದೇ ಜಿಪಿಎಸ್ ಗಡಿಯಾರ ತಂದಿತು. ಸ್ಮಾರ್ಟ್‌ಫೋನುಗಳು ಬಂದ ಮೇಲೆ ರನ್‌ಕೀಪರ್, ಸ್ಟ್ರಾವಾದಂಥ ಆ್ಯಪ್‌ಗಳು ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡತೊಡಗಿದವು.

ಭಾರತದ ಮಟ್ಟಿಗೆ ದೊಡ್ಡ ತಿರುವು 2015. ಶಓಮಿಯ ಎಂಐ ಬ್ಯಾಂಡ್ ಇಲ್ಲಿಗೆ 999 ರೂಪಾಯಿಗೆ ಬಂತು. ಆ ಮೊದಲ ಬ್ಯಾಂಡಿಗೆ ಪರದೆಯೂ ಇರಲಿಲ್ಲ, ಬಡಿತದ ಸೆನ್ಸರೂ ಇರಲಿಲ್ಲ. ನಂತರದ ವರ್ಷಗಳಲ್ಲಿ ಬೆಲೆ ತುಸುವೇ ಏರಿ ಅಂಕಿಗಳ ಸಂಖ್ಯೆ ಹಲವು ಪಟ್ಟು ಏರಿತು. ಅಳತೆ ಎಷ್ಟು ನಿಖರ ಎಂಬ ಪ್ರಶ್ನೆಯನ್ನು ಪರದೆಯ ಬಣ್ಣ ಮತ್ತು ಕ್ರೀಡಾ ವಿಧಗಳ ಪಟ್ಟಿ ಹಿಂದಕ್ಕೆ ತಳ್ಳಿದ್ದು ಈ ಅವಧಿಯಲ್ಲೇ.

## ಎಣಿಸಿದರೆ ಓಡುತ್ತಾರೆ ಎಂಬ ಪಂಥ

ಬ್ಯಾಂಡಿನ ಪರವಾಗಿರುವ ಮೊದಲ ವಾದ ನಿಖರತೆಯನ್ನು ಅವಲಂಬಿಸಿಲ್ಲ. ಅಂಕಿ ಹತ್ತಿಪ್ಪತ್ತು ಅತ್ತಿತ್ತ ಆದರೂ ಚಿಂತೆಯಿಲ್ಲ, ಎಣಿಕೆ ಕಣ್ಣೆದುರು ಇದ್ದರೆ ಮನುಷ್ಯ ಎದ್ದು ಹೊರಡುತ್ತಾನೆ ಎಂಬುದು ಈ ವಾದ. ಇದಕ್ಕೆ ಒಳ್ಳೆಯ ಆಧಾರವಿದೆ. 2007ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಮೀಕ್ಷೆಯೊಂದು, ಹೆಜ್ಜೆ ಎಣಿಕೆಯ ಸಾಧನ ಕಟ್ಟಿಕೊಂಡವರು ದಿನಕ್ಕೆ ಸರಾಸರಿ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆ ಹೆಚ್ಚಾಗಿ ನಡೆದರೆಂದು ತೋರಿಸಿತು. ಆ ಸಮೀಕ್ಷೆಯಲ್ಲಿ ಇನ್ನೊಂದು ಮಾತೂ ಇತ್ತು, ಜಾಹೀರಾತುಗಳು ಅದನ್ನು ಹೇಳುವುದಿಲ್ಲ: ಹೆಚ್ಚಳ ಕಂಡದ್ದು ಗುರಿಯೊಂದನ್ನು ಇಟ್ಟುಕೊಂಡವರಲ್ಲಿ. ಸಾಧನ ಮಾತ್ರ ಇದ್ದು ಗುರಿ ಇಲ್ಲದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅಲ್ಲಿಗೆ ಕೆಲಸ ಮಾಡಿದ್ದು ಗುರಿ ಎಂದು ಓದಲು ಅವಕಾಶವಿದೆ, ಗುರಿಗೆ ಬೆಲೆ ತೆರಬೇಕಿಲ್ಲ.

2016ರಲ್ಲಿ ಬಂದ ಇನ್ನೊಂದು ಪ್ರಯೋಗ ಈ ಪಂಥಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ತೂಕ ಇಳಿಸಿಕೊಳ್ಳಲು ಬಂದ 471 ಯುವಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೈಮೇಲೆ ಧರಿಸುವ ಸಾಧನ ಕೊಟ್ಟು, ಇನ್ನೊಂದು ಗುಂಪಿಗೆ ತಮ್ಮ ವ್ಯಾಯಾಮವನ್ನು ತಾವೇ ಬರೆದಿಡಲು ಹೇಳಲಾಯಿತು. ಎರಡು ವರ್ಷದ ಕೊನೆಗೆ ಬರೆದಿಟ್ಟವರು ಸುಮಾರು 5.9 ಕಿಲೊ ಇಳಿದಿದ್ದರೆ, ಸಾಧನ ಧರಿಸಿದವರು ಸುಮಾರು 3.5 ಕಿಲೊ ಇಳಿದಿದ್ದರು. ಈ ಪ್ರಯೋಗ ತೂಕದ ಕುರಿತದ್ದು, ಓಟದ ಕುರಿತದ್ದಲ್ಲ. ಬಳಸಿದ ಸಾಧನವೂ ಇಂದಿನ ಬ್ಯಾಂಡಿಗಿಂತ ಹಳೆಯದು. ಆದ್ದರಿಂದ ಬ್ಯಾಂಡು ಹಾನಿ ಮಾಡುತ್ತದೆಂದು ಇದರಿಂದ ಹೇಳಲಾಗದು. ಸಾಧನ ಕಟ್ಟಿಕೊಂಡ ಮಾತ್ರಕ್ಕೆ ಅಭ್ಯಾಸ ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನಂತೂ ಇದು ಅಲುಗಾಡಿಸಿತು. ಅದೇ ವರ್ಷ ಗ್ರಾಹಕ ಮನೋವಿಜ್ಞಾನದ ಇನ್ನೊಂದು ಪ್ರಯೋಗಮಾಲೆ, ಖುಷಿಗಾಗಿ ಮಾಡುವ ಕೆಲಸವನ್ನು ಎಣಿಸತೊಡಗಿದರೆ ಜನ ಆ ಹೊತ್ತಿಗೆ ಹೆಚ್ಚು ಮಾಡುತ್ತಾರೆ, ಆದರೆ ಅದರ ಖುಷಿ ಕಡಿಮೆಯಾಗಿ ಆಮೇಲೆ ಅದನ್ನು ಮುಂದುವರಿಸುವ ಮನಸ್ಸೂ ಕುಗ್ಗುತ್ತದೆ ಎಂದು ತೋರಿಸಿತು. ಹೊಸ ಓಟಗಾರರು ಓಟ ಬಿಡುವುದು ಸಾಮಾನ್ಯವಾಗಿ ಬೇಸರದಿಂದ ಅಥವಾ ನೋವಿನಿಂದ. ಬೇಸರದ ಕಡೆಗೆ ತಳ್ಳುವ ಯಾವುದನ್ನಾದರೂ ಎಚ್ಚರದಿಂದ ನೋಡಬೇಕು.

## ಹೃದಯ ಬಡಿತವೇ ಮಾರ್ಗದರ್ಶಿ ಎಂಬ ಪಂಥ

ಎರಡನೆಯ ಪಂಥ ತರಬೇತುದಾರರದು. ಹೊಸಬರು ಮಾಡುವ ಮುಖ್ಯ ತಪ್ಪು ಅತಿ ವೇಗವಾಗಿ ಓಡುವುದು. ಬಡಿತವನ್ನು ಒಂದು ಮಿತಿಯೊಳಗೆ ಇಟ್ಟುಕೊಂಡರೆ ಈ ತಪ್ಪು ತಪ್ಪುತ್ತದೆ. ಆದ್ದರಿಂದ ಬಡಿತ ತೋರಿಸುವ ಬ್ಯಾಂಡು ಬೇಕು ಎಂಬುದು ಅವರ ವಾದ. ಇದರ ಮೊದಲರ್ಧ ಪೂರ್ತಿ ಸರಿ. ತೊಡಕಿರುವುದು ಎರಡನೆಯ ಅರ್ಧದಲ್ಲಿ, ಅದೂ ಎರಡು ಕಡೆ: ಮಿತಿ ಹಾಕುವ ಲೆಕ್ಕದಲ್ಲಿ ಮತ್ತು ಬಡಿತ ಅಳೆಯುವ ಸೆನ್ಸರಿನಲ್ಲಿ.

ಮಿತಿಯ ಲೆಕ್ಕವನ್ನು ಮೊದಲು ನೋಡೋಣ. ಹೆಚ್ಚಿನ ಅಗ್ಗದ ಬ್ಯಾಂಡುಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವೆಂದು ಹಿಡಿದು, ಅದನ್ನು ಶೇಕಡಾವಾರು ವಲಯಗಳಾಗಿ ಹಂಚುತ್ತವೆ. 1971ರ ಸುಮಾರಿಗೆ ಬಳಕೆಗೆ ಬಂದ ಈ ಸೂತ್ರ ಒಂದು ಜನಸಮೂಹದ ಸರಾಸರಿಗೆ ಹೊಂದುತ್ತದೆ. ಒಬ್ಬೊಬ್ಬ ವ್ಯಕ್ತಿಯಲ್ಲಿ ಅದು ಹತ್ತು ಹನ್ನೆರಡು ಬಡಿತ ಮೇಲೆ ಕೆಳಗೆ ಆಗುವುದು ತೀರ ಸಾಮಾನ್ಯ. 35 ವರ್ಷದ ಒಬ್ಬರನ್ನು ತೆಗೆದುಕೊಳ್ಳಿ. ಸೂತ್ರದ ಪ್ರಕಾರ ಗರಿಷ್ಠ 185. ಹಗುರ ಓಟದ ವಲಯವೆಂದು ಬ್ಯಾಂಡು ತೋರಿಸುವ ಶೇ. 60ರಿಂದ 70 ಎಂದರೆ 111ರಿಂದ 130. ಅವರ ನಿಜವಾದ ಗರಿಷ್ಠ 197 ಆಗಿದ್ದರೆ ಆ ವಲಯ 118ರಿಂದ 138 ಆಗಬೇಕು. 173 ಆಗಿದ್ದರೆ 104ರಿಂದ 121. ಓಡುವಾಗ ಬ್ಯಾಂಡು 125 ತೋರಿಸಿತೆನ್ನಿ. ಮೊದಲನೆಯ ದೇಹಕ್ಕೆ ಅದು ಆರಾಮದ ಓಟ, ಎರಡನೆಯ ದೇಹಕ್ಕೆ ಮಿತಿ ದಾಟಿದ ಓಟ. ಎರಡೂ ಮಣಿಕಟ್ಟುಗಳ ಮೇಲೆ ಒಂದೇ ಬಣ್ಣ ಬೆಳಗುತ್ತದೆ. 2001ರಲ್ಲಿ ಬಂದ ತಿದ್ದಿದ ಸೂತ್ರ ವಯಸ್ಸಾದವರ ಸರಾಸರಿಯನ್ನು ಸರಿಪಡಿಸಿತು, ವ್ಯಕ್ತಿಯಿಂದ ವ್ಯಕ್ತಿಗಿರುವ ಈ ಅಂತರವನ್ನು ಯಾವ ಸೂತ್ರವೂ ಮುಚ್ಚಲಾರದು. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಓಡಿ ಅಭ್ಯಾಸವಿಲ್ಲದವರು ಎಷ್ಟೇ ನಿಧಾನವಾಗಿ ಓಡಿದರೂ ಬಡಿತ ಬೇಗ 150 ದಾಟುತ್ತದೆ. ಬ್ಯಾಂಡಿನ ಮಾತು ಕೇಳಿದರೆ ಅವರು ಓಡುವಂತೆಯೇ ಇಲ್ಲ.

ಈಗ ಸೆನ್ಸರು. ಬ್ಯಾಂಡಿನ ಬೆನ್ನಿನಲ್ಲಿ ಹಸಿರು ದೀಪವಿರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ, ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಹಿಂದಿರುಗುವ ಬೆಳಕಿನ ಏರಿಳಿತದಿಂದ ಬಡಿತ ಎಣಿಸಲಾಗುತ್ತದೆ. ಕುಳಿತಾಗ, ಮಲಗಿದಾಗ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ಓಡುವಾಗ ಕೈ ಬೀಸುತ್ತದೆ, ಪಟ್ಟಿ ಜಾರುತ್ತದೆ, ಪ್ರತಿ ಹೆಜ್ಜೆಗೂ ಮಣಿಕಟ್ಟಿನ ರಕ್ತ ತುಳುಕುತ್ತದೆ. ಬೆಳಕಿನಲ್ಲಿ ಈಗ ಎರಡು ಲಯಗಳು: ಹೃದಯದ್ದೊಂದು, ಹೆಜ್ಜೆಯದ್ದೊಂದು. ಚಲನೆಯ ಸೆನ್ಸರಿನ ನೆರವಿನಿಂದ ಹೆಜ್ಜೆಯ ಲಯವನ್ನು ಕಳೆದು ಹೃದಯದ ಲಯವನ್ನು ಉಳಿಸಿಕೊಳ್ಳುವುದು ಬ್ಯಾಂಡಿನ ಕೆಲಸ. ಆದರೆ ಹೊಸ ಓಟಗಾರರ ಹೆಜ್ಜೆ ನಿಮಿಷಕ್ಕೆ 150ರಿಂದ 165ರ ಆಸುಪಾಸು, ಬಡಿತವೂ ಅಲ್ಲೇ. ಎರಡು ಲಯಗಳು ಇಷ್ಟು ಹತ್ತಿರ ಬಂದಾಗ ಬ್ಯಾಂಡು ಹೆಜ್ಜೆಯನ್ನೇ ಹಿಡಿದು ಬಡಿತವೆಂದು ತೋರಿಸಿಬಿಡುತ್ತದೆ. ಓಟಗಾರರ ನಡುವೆ ಇದು ಚೆನ್ನಾಗಿ ಗೊತ್ತಿರುವ ದೋಷ.

ಇದನ್ನು ಗುರುತಿಸುವುದು ಕಷ್ಟವಲ್ಲ. ಓಟ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಅಂಕಿ 160ರ ಸುತ್ತ ಜಿಗಿದು ಅಲ್ಲೇ ಅಲುಗಾಡದೆ ನಿಂತರೆ, ಉಸಿರು ಆರಾಮವಾಗಿದ್ದರೂ ಇಳಿಯದಿದ್ದರೆ, ನಡಿಗೆಗೆ ಬಂದ ತಕ್ಷಣ 110ಕ್ಕೆ ಧುಮುಕಿದರೆ ಅದು ಹೆಜ್ಜೆಯ ಎಣಿಕೆ. ನಿಜವಾದ ಬಡಿತ ಹತ್ತುವುದೂ ಇಳಿಯುವುದೂ ನಿಧಾನವಾಗಿ. ಅನುಮಾನವಿದ್ದರೆ ನಿಂತು ಎರಡು ಬೆರಳನ್ನು ಕುತ್ತಿಗೆಯ ಪಕ್ಕಕ್ಕೆ ಹಿಡಿದು 15 ಸೆಕೆಂಡಿನ ಮಿಡಿತ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ಬ್ಯಾಂಡನ್ನು ಮಣಿಕಟ್ಟಿನ ಮೂಳೆಯ ಮೇಲೆ ಕಟ್ಟದೆ ಎರಡು ಬೆರಳಿನಷ್ಟು ಮೇಲೆ, ಜಾರದ ಹಾಗೆ ಬಿಗಿಯಾಗಿ ಕಟ್ಟಿದರೆ ದೋಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಸೆನ್ಸರುಗಳು ಈಗ ಸುಧಾರಿಸಿವೆ, ಪ್ರಯೋಗಗಳಲ್ಲೂ ಅವು ಪಾಸಾಗಿವೆ ಎಂದು ಈ ಪಂಥದವರು ಉತ್ತರಿಸುತ್ತಾರೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಜನರ ಮೇಲೆ ಏಳು ಮಣಿಕಟ್ಟಿನ ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳ ಬಡಿತದ ದೋಷ ಶೇ. 5ರೊಳಗಿತ್ತು, ನಿಜ. ಆದರೆ ಅಲ್ಲಿದ್ದವು ಆಪಲ್, ಸ್ಯಾಮ್‌ಸಂಗ್, ಫಿಟ್‌ಬಿಟ್‌ಗಳಂಥ ದುಬಾರಿ ಸಾಧನಗಳು. ಎರಡು ಸಾವಿರದ ಬ್ಯಾಂಡಿಗೆ ಆ ಫಲಿತಾಂಶವನ್ನು ಎರವಲು ಕೊಡಲಾಗದು. ಅದೇ ಪರೀಕ್ಷೆಯಲ್ಲಿ ಕ್ಯಾಲರಿಯ ಲೆಕ್ಕ ಎಷ್ಟು ಕೆಟ್ಟಿತ್ತೆಂದರೆ, ಅತ್ಯುತ್ತಮ ಸಾಧನವೇ ಸರಾಸರಿ ಶೇ. 27 ತಪ್ಪಿತ್ತು, ಅತಿ ಕೆಟ್ಟದ್ದು ಶೇ. 93. ಕ್ಯಾಲರಿಯ ಅಂಕಿಯನ್ನು ನೋಡಿ ಊಟ ನಿರ್ಧರಿಸಬಾರದು ಎನ್ನಲು ಬೇರೆ ಆಧಾರ ಬೇಕಿಲ್ಲ. 2020ರಲ್ಲಿ ನಡೆದ ಮತ್ತೊಂದು ಪರೀಕ್ಷೆ ವಿಶ್ರಾಂತಿಯಲ್ಲಿರುವಾಗಿನದಕ್ಕಿಂತ ಚಲನೆಯಲ್ಲಿರುವಾಗ ಬಡಿತದ ದೋಷ ಸುಮಾರು ಶೇ. 30 ಹೆಚ್ಚೆಂದು ಕಂಡಿತು. ಕಪ್ಪು ಚರ್ಮದ ಮೇಲೆ ಹಸಿರು ಬೆಳಕು ಸೋಲುತ್ತದೆಂಬ ಅನುಮಾನಕ್ಕೆ ಆ ಪರೀಕ್ಷೆಯಲ್ಲಿ ಸ್ಪಷ್ಟ ಆಧಾರ ಸಿಗಲಿಲ್ಲ. ನಮ್ಮ ಓದುಗರಿಗೆ ಇದು ತಿಳಿದಿರಬೇಕಾದ ಸಂಗತಿ.

ಹಾಗಾದರೆ ಅತಿ ವೇಗದ ತಪ್ಪನ್ನು ತಪ್ಪಿಸುವುದು ಹೇಗೆ? ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 1960ರ ದಶಕದಲ್ಲೇ, ಶ್ರಮವನ್ನು ಓಡುವವರ ಅನುಭವದಿಂದಲೇ ಅಳೆಯುವ 6ರಿಂದ 20ರ ಅಳತೆಗೋಲನ್ನು ರೂಪಿಸಿದರು. ಅದೇ ಬಗೆಯ ಇನ್ನೂ ಸರಳ ಅಳತೆ ಮಾತಿನ ಪರೀಕ್ಷೆ: ಓಡುತ್ತಲೇ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆದರೆ ವೇಗ ಸರಿ, ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಹೆಚ್ಚಾಯಿತು. ಇದಕ್ಕೆ ಸೂತ್ರವೂ ಬೇಡ, ದೀಪವೂ ಬೇಡ. ಬ್ಯಾಂಡಿನ ಬಡಿತಕ್ಕೆ ನಿಜವಾದ ಉಪಯೋಗ ಇರುವುದು ಬೇರೆಡೆ: ಬೆಳಿಗ್ಗೆ ಏಳುವ ಮುಂಚಿನ ವಿಶ್ರಾಂತಿಯ ಬಡಿತ. ತಿಂಗಳುಗಟ್ಟಲೆ ಓಡಿದಂತೆ ಅದು ಮೆಲ್ಲಗೆ ಇಳಿಯುತ್ತದೆ, ಜ್ವರ ಅಥವಾ ಅತಿ ದಣಿವು ಇದ್ದಾಗ ಏರುತ್ತದೆ. ಇಲ್ಲಿ ಅಗ್ಗದ ಸೆನ್ಸರೂ ಸಾಕಷ್ಟು ನಂಬಲರ್ಹ.

## ದೂರ ಎಂಬ ತೊಡಕು

ಮೂರನೆಯ ನಿಲುವು ದೂರ ಮತ್ತು ವೇಗವೇ ಓಟದ ನಿಜವಾದ ಅಳತೆ ಎಂಬುದು. ಇಲ್ಲಿ ಕೊಳ್ಳುವವರು ಗಮನಿಸದ ಒಂದು ವ್ಯತ್ಯಾಸವಿದೆ. ಅಗ್ಗದ ಬ್ಯಾಂಡುಗಳಲ್ಲಿ ಹೆಚ್ಚಿನವುಗಳ ಒಳಗೆ ಜಿಪಿಎಸ್ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ‘ಕನೆಕ್ಟೆಡ್ ಜಿಪಿಎಸ್’ ಎಂದಿದ್ದರೆ, ಫೋನು ಜೊತೆಗಿದ್ದಾಗ ಫೋನಿನ ಜಿಪಿಎಸ್ ಬಳಸುತ್ತದೆ ಎಂದರ್ಥ. ಫೋನು ಮನೆಯಲ್ಲಿಟ್ಟು ಹೋದರೆ ಬ್ಯಾಂಡು ಹೆಜ್ಜೆಗಳನ್ನು ಎಣಿಸಿ, ಎತ್ತರದಿಂದ ಅಂದಾಜು ಮಾಡಿದ ಒಂದು ಹೆಜ್ಜೆಯ ಉದ್ದದಿಂದ ಗುಣಿಸಿ ದೂರ ಹೇಳುತ್ತದೆ. ಈ ಗುಣಾಕಾರ ಹೊಸಬರಿಗೆ ಎಷ್ಟು ಮೋಸ ಮಾಡಬಲ್ಲದು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು.

400 ಮೀಟರಿನ ಟ್ರ್ಯಾಕಿನ ಒಳ ಲೇನಿನಲ್ಲಿ ನಾಲ್ಕು ಸುತ್ತು, ಅಂದರೆ 1,600 ಮೀಟರು, ಒಬ್ಬರು 12 ನಿಮಿಷದಲ್ಲಿ ಓಡಿದರೆನ್ನಿ. ನಿಮಿಷಕ್ಕೆ 160 ಹೆಜ್ಜೆಯಂತೆ 1,920 ಹೆಜ್ಜೆ. ಒಂದು ಹೆಜ್ಜೆ ಸುಮಾರು 83 ಸೆಂಟಿಮೀಟರು. ಬ್ಯಾಂಡು ಅವರ ಹೆಜ್ಜೆಯನ್ನು 95 ಸೆಂಟಿಮೀಟರು ಎಂದು ಹಿಡಿದಿದೆ ಎಂದುಕೊಳ್ಳೋಣ. ಅದು 1.82 ಕಿಲೊಮೀಟರು ತೋರಿಸುತ್ತದೆ, ವೇಗ ಕಿಲೊಮೀಟರಿಗೆ 6 ನಿಮಿಷ 35 ಸೆಕೆಂಡು ಎನ್ನುತ್ತದೆ. ನಿಜವಾದ ವೇಗ 7 ನಿಮಿಷ 30 ಸೆಕೆಂಡು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಪ್ರತಿ ದಿನವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಸುಧಾರಣೆಯಾದರೂ ಕಾಣುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಆದರೆ ಮೂರು ತಿಂಗಳ ನಂತರ ಅದೇ ವ್ಯಕ್ತಿ ಗಂಟೆಗೆ ಒಂಬತ್ತೂವರೆ ಕಿಲೊಮೀಟರಿನ ವೇಗಕ್ಕೆ ಬಂದಿದ್ದಾರೆಂದು ಇಟ್ಟುಕೊಳ್ಳಿ. ಅದೇ ನಾಲ್ಕು ಸುತ್ತು ಈಗ 10 ನಿಮಿಷ 6 ಸೆಕೆಂಡಿನಲ್ಲಿ ಮುಗಿಯುತ್ತದೆ. ವೇಗ ಬಂದದ್ದು ಮುಖ್ಯವಾಗಿ ಹೆಜ್ಜೆ ಉದ್ದವಾದದ್ದರಿಂದ, ಹೆಜ್ಜೆಯ ಲಯ 160ರಿಂದ 165ಕ್ಕೆ ಮಾತ್ರ ಏರಿದೆ. ಒಟ್ಟು ಹೆಜ್ಜೆ ಸುಮಾರು 1,667. ಬ್ಯಾಂಡು ಇನ್ನೂ ಹಳೆಯ 95 ಸೆಂಟಿಮೀಟರಿನಿಂದಲೇ ಗುಣಿಸಿ 1.58 ಕಿಲೊಮೀಟರು ಎನ್ನುತ್ತದೆ, ವೇಗ 6 ನಿಮಿಷ 23 ಸೆಕೆಂಡು. ನಿಜವಾದ ಸುಧಾರಣೆ ಕಿಲೊಮೀಟರಿಗೆ 71 ಸೆಕೆಂಡು. ಬ್ಯಾಂಡು ತೋರಿಸುವ ಸುಧಾರಣೆ 12 ಸೆಕೆಂಡು. ಮೂರು ತಿಂಗಳ ಶ್ರಮದ ಹೆಚ್ಚಿನ ಪಾಲನ್ನು ಅದು ಕಾಣಿಸದೆ ಬಿಟ್ಟಿತು. ಆ್ಯಪ್‌ನಲ್ಲಿ ಹೆಜ್ಜೆಯ ಉದ್ದ ತಿದ್ದಲು ಅವಕಾಶವಿರುವ ಬ್ಯಾಂಡುಗಳಿವೆ, ಫೋನಿನ ಜೊತೆ ಓಡಿದಾಗ ತಾವೇ ತಿದ್ದಿಕೊಳ್ಳುವವೂ ಇವೆ. ಅಂಥ ಸೌಲಭ್ಯವಿಲ್ಲದ ಬ್ಯಾಂಡಿನ ದೂರವನ್ನು ಓಟದ ದಾಖಲೆಯಾಗಿ ಇಟ್ಟುಕೊಳ್ಳಬಾರದು.

ಫೋನಿನ ಜಿಪಿಎಸ್ ಇದಕ್ಕಿಂತ ಎಷ್ಟೋ ಮೇಲು, ಆದರೆ ಅದಕ್ಕೂ ಮಿತಿಯಿದೆ. ಬಯಲಿನಲ್ಲಿ ಅದು ಸುಮಾರು ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ನೇರವಾದ ಉದ್ದ ರಸ್ತೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿನ ಬಡಾವಣೆಯ ಪಾರ್ಕುಗಳಂಥ ಕಡೆ, ಮೇಲೆ ದಟ್ಟ ಮರ, ಪಕ್ಕದಲ್ಲಿ ಕಟ್ಟಡ, ಕೆಲವೇ ನೂರು ಮೀಟರಿನ ಸುತ್ತು, ಪ್ರತಿ ತಿರುವಿನಲ್ಲೂ ನಕ್ಷೆಯ ಗೆರೆ ಮೂಲೆ ಕತ್ತರಿಸುತ್ತದೆ ಅಥವಾ ಸೊಟ್ಟಗಾಗುತ್ತದೆ. ಅಂಥಲ್ಲಿ ಒಂದು ದಿನದ ಅಂಕಿಯನ್ನು ಇನ್ನೊಂದು ದಿನದ್ದಕ್ಕೆ ಹೋಲಿಸುವುದು ಸರಿಯಲ್ಲ. ಎಲ್ಲಕ್ಕಿಂತ ನಂಬಿಕೆಯ ಅಳತೆ ನೆಲದ ಮೇಲೇ ಇದೆ: ಗುರುತು ಹಾಕಿದ ಟ್ರ್ಯಾಕಿದ್ದರೆ ಅದರ ಒಳ ಲೇನು, ಇಲ್ಲದ ಊರುಗಳಲ್ಲಿ ಹೆದ್ದಾರಿಯ ಅಂಚಿನ ಕಿಲೊಮೀಟರ್ ಕಲ್ಲುಗಳು, ಅವುಗಳ ನಡುವೆ 200 ಮೀಟರಿಗೊಂದರಂತೆ ನೆಟ್ಟಿರುವ ಸಣ್ಣ ಕಲ್ಲುಗಳು. ವಾಹನ ಕಡಿಮೆ ಇರುವ ಕಡೆ, ಬೆಳಕಾದ ಮೇಲೆ, ಎರಡು ಕಲ್ಲುಗಳ ನಡುವಿನ ಸಮಯವನ್ನು ತಿಂಗಳಿಗೊಮ್ಮೆ ಅಳೆದರೆ ಸುಧಾರಣೆ ತಪ್ಪಿಲ್ಲದೆ ಕಾಣುತ್ತದೆ. ಟ್ರ್ಯಾಕಿನಲ್ಲಿ ಹೊರ ಲೇನಿಗೆ ಹೋದಂತೆ ಪ್ರತಿ ಸುತ್ತು ಲೇನಿಗೆ ಏಳೂವರೆ ಮೀಟರಿನಷ್ಟು ಉದ್ದವಾಗುತ್ತದೆಂಬುದು ನೆನಪಿರಲಿ.

## ಪುಕ್ಕಟೆ ಆ್ಯಪ್ ಸಾಕು ಎಂಬ ಪಂಥ

ನಾಲ್ಕನೆಯ ಪಂಥದವರು ಬ್ಯಾಂಡನ್ನೇ ಬಿಟ್ಟು ಫೋನನ್ನು ನೆಚ್ಚಿಕೊಂಡವರು. ನನ್ನ ಒಲವು ಇತ್ತ ಕಡೆ. ಹೊಸಬರಿಗೆ ಬೇಕಾದ ಕ್ರಮವೊಂದು 1996ರಿಂದಲೇ ಪುಕ್ಕಟೆಯಾಗಿ ಲಭ್ಯ. ಜೋಶ್ ಕ್ಲಾರ್ಕ್ ಎಂಬ ಅಮೆರಿಕನ್ ರೂಪಿಸಿದ ‘ಕೌಚ್ ಟು 5ಕೆ’ ಒಂಬತ್ತು ವಾರದ್ದು, ವಾರಕ್ಕೆ ಮೂರು ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರ ಕಳೆದಂತೆ ಓಟ ಹೆಚ್ಚುತ್ತದೆ, ನಡಿಗೆ ಕುಗ್ಗುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೂ ಇದನ್ನು ತನ್ನದಾಗಿಸಿಕೊಂಡು ಆ್ಯಪ್ ಮಾಡಿದೆ. ಇದರಲ್ಲಿ ಸಮಯವನ್ನು ಮಾತ್ರ ಅಳೆದರೆ ಸಾಕು. ದೂರವೂ ಬೇಡ, ಬಡಿತವೂ ಬೇಡ. 60 ಸೆಕೆಂಡಿನ ಓಟದಲ್ಲಿ ಬಡಿತದ ಅಂಕಿಗೆ ಅರ್ಥವೂ ಕಡಿಮೆ: ಹೃದಯ ವೇಗಕ್ಕೆ ಹೊಂದಿಕೊಳ್ಳುವ ಮೊದಲೇ, ಸೆನ್ಸರು ಸರಾಸರಿ ತೆಗೆಯುವ ಮೊದಲೇ ಓಟ ಮುಗಿದಿರುತ್ತದೆ.

ದಾಖಲೆ ಬೇಕೆನ್ನುವವರಿಗೆ ಸ್ಟ್ರಾವಾದ ಪುಕ್ಕಟೆ ಭಾಗ ಇದೆ. 2020ರಲ್ಲಿ ಅದು ಪೈಪೋಟಿಯ ಪಟ್ಟಿಗಳನ್ನು ಚಂದಾದಾರರಿಗೆ ಮೀಸಲಿಟ್ಟಿತು, ಓಟವನ್ನು ದಾಖಲಿಸುವುದು ಪುಕ್ಕಟೆಯಾಗಿಯೇ ಉಳಿಯಿತು. ನೈಕಿ ರನ್ ಕ್ಲಬ್‌ನಲ್ಲಿ ಕಿವಿಯಲ್ಲಿ ಮಾತಾಡುತ್ತ ಓಡಿಸುವ ತರಬೇತಿಯ ಓಟಗಳಿವೆ. ಮಾಹಿತಿ ಯಾರ ಕೈಗೂ ಹೋಗಬಾರದು ಎನ್ನುವವರಿಗೆ ಓಪನ್‌ಟ್ರ್ಯಾಕ್ಸ್ ಇದೆ. ಅದು ಮುಕ್ತ ತಂತ್ರಾಂಶ, ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ.

ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಈ ದಾರಿ ಕೆಡುವುದು ಒಂದೇ ಕಾರಣಕ್ಕೆ, ಅದು ತಿಳಿಯದೆ ಎಷ್ಟೋ ಜನ ಆ್ಯಪ್ ಸರಿಯಿಲ್ಲವೆಂದು ಬ್ಯಾಂಡು ಕೊಳ್ಳುತ್ತಾರೆ. ಬ್ಯಾಟರಿ ಉಳಿಸಲು ಫೋನು, ಪರದೆ ಆರಿದ ಕೆಲ ನಿಮಿಷಗಳಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸುತ್ತದೆ. ಆಗ ನಕ್ಷೆಯಲ್ಲಿ ಓಟದ ದಾರಿ ಅರ್ಧಕ್ಕೆ ಕಡಿದು, ಮನೆಗಳ ಮೇಲೆ ಹಾದುಹೋಗುವ ಒಂದು ನೇರ ಗೆರೆಯಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ನಿರ್ಬಂಧ ತೆಗೆದು, ಬ್ಯಾಟರಿ ಸೇವರ್ ನಿಲ್ಲಿಸಿ, ಲೊಕೇಶನ್ ಅನುಮತಿ ಕೊಟ್ಟರೆ ಇದು ಸರಿಹೋಗುತ್ತದೆ. ಪರದೆ ಆರಿಸಿ ಹತ್ತು ನಿಮಿಷ ನಡೆದು ನಕ್ಷೆ ನೋಡಿದರೆ ಸರಿಯಾಯಿತೋ ಇಲ್ಲವೋ ಗೊತ್ತಾಗುತ್ತದೆ. ಓಟ ಶುರು ಮಾಡುವ ಮುನ್ನ ಜಿಪಿಎಸ್ ಸಂಕೇತ ಸಿಕ್ಕಿದೆಯೆಂದು ಆ್ಯಪ್ ತೋರಿಸುವವರೆಗೆ ಬಯಲಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಮೊದಲ ನೂರಿನ್ನೂರು ಮೀಟರು ತಪ್ಪಿಹೋಗುತ್ತದೆ.

ಈ ಪಂಥಕ್ಕೆ ಎದುರಾಗುವ ಗಟ್ಟಿ ಆಕ್ಷೇಪ, ಫೋನು ಹಿಡಿದು ಓಡುವುದು ಹಿಂಸೆ ಎಂಬುದು. ಅದು ನಿಜ, ಅದರಲ್ಲೂ ಜೇಬಿಲ್ಲದ ಬಟ್ಟೆಯಲ್ಲಿ. ಆದರೆ ನಸುಕಿನಲ್ಲಿ ಒಬ್ಬರೇ ಓಡುವವರು, ವಿಶೇಷವಾಗಿ ಹೆಂಗಸರು, ಬ್ಯಾಂಡಿದ್ದರೂ ಫೋನನ್ನು ಒಯ್ಯಲೇಬೇಕು. ಅಲ್ಲಿಗೆ ಬ್ಯಾಂಡು ಉಳಿಸುವ ಭಾರ ಏನೂ ಇಲ್ಲ. ಸೊಂಟಕ್ಕೆ ಕಟ್ಟುವ ಚಿಕ್ಕ ಚೀಲ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಮಾರ್ಟ್‌ಫೋನೇ ಇಲ್ಲದವರಿಗೆ, ಮನೆಯಲ್ಲಿ ಒಂದೇ ಫೋನು ಇರುವವರಿಗೆ ಸ್ಟಾಪ್‌ವಾಚ್ ಇರುವ ಸಾಮಾನ್ಯ ಡಿಜಿಟಲ್ ಗಡಿಯಾರ ಮತ್ತು ಒಂದು ನೋಟ್‌ಬುಕ್ ಒಂಬತ್ತು ವಾರಕ್ಕೂ ಸಾಕು.

ಇನ್ನೊಂದು ಆಕ್ಷೇಪ ಮಾಹಿತಿಯ ಕುರಿತದ್ದು. ಇದು ಆ್ಯಪ್‌ಗೂ ಬ್ಯಾಂಡಿಗೂ ಒಂದೇ ಸಮ ಅನ್ವಯಿಸುತ್ತದೆ, ಏಕೆಂದರೆ ಬ್ಯಾಂಡೂ ಒಂದು ಆ್ಯಪ್ ಇಲ್ಲದೆ ನಡೆಯದು. 2017ರ ನವೆಂಬರಿನಲ್ಲಿ ಸ್ಟ್ರಾವಾ ಪ್ರಕಟಿಸಿದ ಓಟದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳೇ ಹೊಳೆಯುತ್ತಿರುವುದು 2018ರ ಆರಂಭದಲ್ಲಿ ಬೆಳಕಿಗೆ ಬಂತು. ಸಾಮಾನ್ಯ ಓಟಗಾರರಿಗೆ ಇದರ ಪಾಠ ಸರಳ: ದಿನವೂ ಮನೆ ಬಾಗಿಲಿನಿಂದ ಶುರುವಾಗುವ ಗೆರೆ ಮನೆಯ ವಿಳಾಸವನ್ನೂ ಹೊರಡುವ ಹೊತ್ತನ್ನೂ ಹೇಳುತ್ತದೆ. ಓಟವನ್ನು ತಮಗೆ ಮಾತ್ರ ಕಾಣುವಂತೆ ಇಡುವ ಆಯ್ಕೆಯನ್ನು ಮೊದಲ ದಿನವೇ ಹಾಕಬೇಕು. ಕಂಪನಿ ಮುಚ್ಚಿದರೆ ದಾಖಲೆಯೂ ಹೋಗುತ್ತದೆ. ಲಕ್ಷಾಂತರ ಬಳಕೆದಾರರಿದ್ದ ಎಂಡೊಮೊಂಡೊ 2020ರ ಕೊನೆಯ ದಿನ ನಿಂತಿತು. ಓಟಗಳನ್ನು ಜಿಪಿಎಕ್ಸ್ ಕಡತವಾಗಿ ಆಗಾಗ ಇಳಿಸಿಟ್ಟುಕೊಂಡರೆ ಬೇರೆ ಆ್ಯಪ್‌ಗೆ ಒಯ್ಯಬಹುದು.

ಕೊಳ್ಳಲೇಬೇಕೆನ್ನುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಬ್ಯಾಂಡನ್ನು ಮಡಿಸಿದ ಬಟ್ಟೆಗೆ ಅಥವಾ ಬಾಳೆಹಣ್ಣಿಗೆ ಸುತ್ತಿ ಬಡಿತ ಅಳೆಯಲು ಹೇಳಿ. ಒಳ್ಳೆಯ ಸಾಧನಗಳೂ ಒಮ್ಮೊಮ್ಮೆ ಬೆಳಕಿನ ಗದ್ದಲವನ್ನು ಬಡಿತವೆಂದು ಓದುತ್ತವೆ. ಆದರೆ ಪ್ರತಿ ಸಲವೂ, ಕ್ಷಣದಲ್ಲೇ, 72 ಅಥವಾ 98ರಂಥ ಅಚ್ಚುಕಟ್ಟಾದ ಅಂಕಿ ತೋರಿಸಿದರೆ ಆ ಬ್ಯಾಂಡನ್ನು ಅಲ್ಲೇ ಬಿಟ್ಟು ಬನ್ನಿ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದಾಗ ಬ್ಯಾಂಡಿನ ಅಂಕಿ ಸರಿಯಿದೆ ಎಂದು ಸುಮ್ಮನಿರಬಾರದು. ಅದು ವೈದ್ಯಕೀಯ ಸಾಧನವಲ್ಲವೆಂದು ಸಾಮಾನ್ಯವಾಗಿ ತಯಾರಕರೇ ಬರೆದಿರುತ್ತಾರೆ.

## ಇನ್ನೂ ತೀರ್ಮಾನವಾಗದವು

ಮೂರು ಪ್ರಶ್ನೆಗಳು ಉಳಿದಿವೆ. ಬ್ಯಾಂಡು ಕಟ್ಟಿಕೊಂಡ ಹೊಸಬರು ಕಟ್ಟಿಕೊಳ್ಳದವರಿಗಿಂತ ಹೆಚ್ಚು ಕಾಲ ಓಟ ಮುಂದುವರಿಸುತ್ತಾರೆಯೇ ಎಂಬುದು ಮೊದಲನೆಯದು. ಹೆಜ್ಜೆಯ ಅಧ್ಯಯನಗಳು ಒಂದು ಕಡೆ ಎಳೆಯುತ್ತವೆ, ತೂಕದ ಅಧ್ಯಯನ ಇನ್ನೊಂದು ಕಡೆ. ಎರಡೂ ಓಟಗಾರರ ಮೇಲೆ ನಡೆದವಲ್ಲ. ಎರಡನೆಯದು ಹಣದ್ದು. ಬ್ಯಾಂಡಿನ ಹಣವನ್ನು ಶೂಗೆ ಹಾಕಿ ಎಂದು ನಾನು ಹೇಳುವಾಗಲೂ, ದುಬಾರಿ ಶೂ ಗಾಯ ತಪ್ಪಿಸುತ್ತದೆಂಬ ಮಾತಿಗೆ ಬಲವಾದ ಆಧಾರ ಇಲ್ಲವೆಂಬುದನ್ನು ಒಪ್ಪಬೇಕು. ಸೈನಿಕರ ಮೇಲೆ ನಡೆದ ಪ್ರಯೋಗಗಳಲ್ಲಿ, ಪಾದದ ಆಕಾರ ನೋಡಿ ಆರಿಸಿಕೊಟ್ಟ ಶೂ ಗಾಯಗಳನ್ನು ಕಡಿಮೆ ಮಾಡಲಿಲ್ಲ. ಹಾಕಿ ನೋಡಿದಾಗ ಆರಾಮವೆನಿಸುವ, ಬೆರಳ ಮುಂದೆ ಹೆಬ್ಬೆರಳ ಅಗಲದ ಜಾಗವಿರುವ ಶೂ ಎಂಬುದಕ್ಕಿಂತ ಹೆಚ್ಚಿನದನ್ನು ಖಚಿತವಾಗಿ ಹೇಳಲಾಗದು. ಆದರೂ ಸವೆದ ಚಪ್ಪಲಿಯಲ್ಲಿ, ಕಾಲೇಜಿನ ಹಳೆಯ ಕ್ಯಾನ್ವಾಸ್ ಶೂನಲ್ಲಿ ಓಡುವವರಿಗೆ ಆ ಹಣ ಪ್ರತಿ ಹೆಜ್ಜೆಯಲ್ಲೂ ಕೆಲಸಕ್ಕೆ ಬರುತ್ತದೆ. ಬ್ಯಾಂಡಿನ ಬಗ್ಗೆ ಇಷ್ಟು ಹೇಳಲಾಗುವುದಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಆಳವಾದದ್ದು: ವಾರದಿಂದ ವಾರಕ್ಕೆ ಓಟವನ್ನು ಎಷ್ಟು ಹೆಚ್ಚಿಸಬಹುದು? ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದೆಂಬ ನಿಯಮ ಎಲ್ಲೆಡೆ ಕೇಳಿಬರುತ್ತದೆ. ನೆದರ್ಲೆಂಡ್ಸ್‌ನಲ್ಲಿ 532 ಹೊಸ ಓಟಗಾರರ ಮೇಲೆ ಇದನ್ನೇ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಒಂದು ಗುಂಪು 13 ವಾರಗಳಲ್ಲಿ ನಿಧಾನವಾಗಿ ಏರಿತು, ಇನ್ನೊಂದು 8 ವಾರಗಳಲ್ಲಿ. ಎರಡೂ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಗಾಯವಾಯಿತು, ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದಮೇಲೆ ಆ್ಯಪ್ ಅಥವಾ ಬ್ಯಾಂಡು ‘ಇಂದು ಇಷ್ಟು ಓಡಬಹುದು, ಇಷ್ಟು ವಿಶ್ರಾಂತಿ ಬೇಕು’ ಎಂದು ಅಂಕಿಯಲ್ಲಿ ಹೇಳುವಾಗ ಅದರ ಬೆನ್ನಿಗೆ ಎಲ್ಲರೂ ಒಪ್ಪಿದ ವಿಜ್ಞಾನ ಇಲ್ಲ. ಅದು ಇತ್ಯರ್ಥವಾಗುವವರೆಗೆ ಓಟ ಶುರು ಮಾಡುವವರು ಒಂದು ಕೆಲಸ ಮಾಡಲಿ: ಪ್ರತಿ ಓಟದ ಮರುದಿನ ಬೆಳಿಗ್ಗೆ ಮೊಣಕಾಲು, ಅದರ ಕೆಳಗಿನ ಕಾಲಿನ ಮುಂಭಾಗ, ಹಿಮ್ಮಡಿಗಳಲ್ಲಿ ನೋವಿದೆಯೇ ಎಂದು ನೋಡಿ ಬರೆದಿಡಲಿ. ಮೆಟ್ಟಿಲಿಳಿಯುವಾಗ ನೋವಿದ್ದರೆ, ಪರದೆ ಏನೇ ಹೇಳಲಿ, ಆ ದಿನ ಓಡದಿರಲಿ.